‘36 ಸೈಜ್’ ಅಂದರೆ ಯಾರ ಅಳತೆ?

ಗುಳೇದಗುಡ್ಡದ ಖಣವನ್ನು ರೆಡಿಮೇಡ್ ಬ್ಲೌಸ್ ಮಾಡಿ ಇನ್‌ಸ್ಟಾಗ್ರಾಂನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಸ್ವಂತ ವೆಬ್‌ಸೈಟಿನಲ್ಲೋ ಮಾರುವವರು ಬಾಗಲಕೋಟೆ, ಹುಬ್ಬಳ್ಳಿಯಿಂದ ಬೆಂಗಳೂರಿನವರೆಗೆ ಈಗ ಅನೇಕರಿದ್ದಾರೆ. ಹೆಚ್ಚಿನವರು ಮನೆಯ ಒಂದು ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ ಇಟ್ಟುಕೊಂಡು ಕೆಲಸ ನಡೆಸುವ ಹೆಣ್ಣುಮಕ್ಕಳು. ಅವರ ಫೋನಿಗೆ ದಿನವೂ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. “ಅಕ್ಕಾ, ನಂದು 38, ಇದು ಆಗ್ತದೇನ್ರೀ?” “ಇದು ಪ್ಯೂರ್ ಸಿಲ್ಕಾ ಮೇಡಂ?” “ತೋಳು ಬಿಗಿ ಆದ್ರ ಬಿಚ್ಚಾಕ ಬರ್ತದೇನು?” “ಒಗೆದ್ರೆ ಬಣ್ಣ ಹೋಗುತ್ತಾ?” “ಆಗ್ಲಿಲ್ಲ ಅಂದ್ರೆ ವಾಪಸ್ ತಗೋತೀರಾ?”

ಈ ಪ್ರಶ್ನೆಗಳು ಬರುವ ಚಿತ್ರದ ಕೆಳಗೆ ಸಾಮಾನ್ಯವಾಗಿ ಇರುವ ವಿವರ ಹೀಗಿರುತ್ತದೆ: “ಸುಂದರವಾದ ಪ್ರೀಮಿಯಂ ಖಣ ಬ್ಲೌಸ್. ಉತ್ತಮ ಗುಣಮಟ್ಟದ ಸಿಲ್ಕ್ ಬಟ್ಟೆ. ಹಬ್ಬ, ಮದುವೆಗೆ ಹೇಳಿ ಮಾಡಿಸಿದ್ದು. ಸೈಜ್ 36, 38ರವರೆಗೂ ಆಗುತ್ತದೆ. ನೋ ರಿಟರ್ನ್, ನೋ ಎಕ್ಸ್‌ಚೇಂಜ್.” ಇದರಲ್ಲಿ ಬ್ಲೌಸನ್ನು ಹೊಗಳುವ ಮಾತು ಬೇಕಾದಷ್ಟಿದೆ, ಆದರೆ ಕೊಳ್ಳುವವಳು ಟೇಪು ಹಿಡಿದು ಪರೀಕ್ಷಿಸಬಹುದಾದ ಮಾತು ಒಂದೂ ಇಲ್ಲ. ‘ಸುಂದರ’ ಅನ್ನುವುದನ್ನು ಚಿತ್ರವೇ ಹೇಳುತ್ತಿದೆ. ‘ಪ್ರೀಮಿಯಂ’ ಅನ್ನುವುದನ್ನು ಎಲ್ಲರೂ ಬರೆಯುತ್ತಾರೆ. ‘38ರವರೆಗೂ’ ಅನ್ನುವುದು ಮಾತ್ರ ಮಾಹಿತಿಯಂತೆ ಕಾಣುತ್ತದೆ, ಆದರೆ ಅತಿ ಹೆಚ್ಚು ವಾಪಸಾತಿ ತರುವುದೂ ಅದೇ.

ಒಂದು ವಾಪಸಾತಿಗೆ ಏನು ಖರ್ಚಾಗುತ್ತದೆ ಎಂದು ಮೊದಲು ನೋಡೋಣ. 900 ರೂಪಾಯಿಯ ಬ್ಲೌಸಿನಲ್ಲಿ ಹೊಲಿಗೆ, ಬಟ್ಟೆ ಎಲ್ಲ ಕಳೆದು 200 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಕಳಿಸುವ ಕೊರಿಯರ್ 70, ಮರಳಿ ತರಿಸುವುದು 90, ಕವರು, ಅಟ್ಟೆ 15. ಒಟ್ಟು 175 ರೂಪಾಯಿ ಹೋಯಿತು, ಬ್ಲೌಸು ಮಾರಾಟವಾಗಲಿಲ್ಲ. ಅಂದರೆ ಒಂದು ಬ್ಲೌಸು ವಾಪಸ್ ಬಂದರೆ ಇನ್ನೊಂದು ಬ್ಲೌಸಿನ ಲಾಭವನ್ನು ಬಹುಪಾಲು ತಿಂದುಹಾಕುತ್ತದೆ. ಅದರ ಮೇಲೆ, ದೀಪಾವಳಿಯ ಹಿಂದುಮುಂದು ಆ ಒಂದು ಬ್ಲೌಸು ಎಂಟು ಹತ್ತು ದಿನ ಕೊರಿಯರ್ ಚೀಲದಲ್ಲಿ ಅಲೆದರೆ ಹಬ್ಬದ ವ್ಯಾಪಾರವೂ ತಪ್ಪುತ್ತದೆ. ಕೊಂಡವಳ ಕಷ್ಟ ಬೇರೆಯೇ. ಮದುವೆ ನಾಳೆ ಇದೆ, ಬ್ಲೌಸಿನ ತೋಳು ಮೊಣಕೈ ದಾಟಿ ಮೇಲೇರುತ್ತಿಲ್ಲ.

ಇದರಲ್ಲಿ ದೊಡ್ಡ ಭಾಗವನ್ನು ಬರವಣಿಗೆಯಿಂದಲೇ ತಡೆಯಬಹುದು. ಅದಕ್ಕೆ ಭಾಷಾಪ್ರೌಢಿಮೆ ಬೇಕಿಲ್ಲ. ಒಂದು ಟೇಪು, ಒಂದು ಬಕೆಟ್ ನೀರು, ಒಂದು ಬೆಂಕಿಪೊಟ್ಟಣ, ಮತ್ತು ಬಂದ ಪ್ರಶ್ನೆಗಳನ್ನೆಲ್ಲ ಬರೆದಿಟ್ಟ ಒಂದು ನೋಟ್‌ಬುಕ್ ಸಾಕು.

ಮೊದಲು ಅಳತೆ. ‘36’ ಎಂದು ಬರೆದಾಗ ಅದು ಹಾಕಿಕೊಳ್ಳುವವಳ ಎದೆಸುತ್ತಳತೆಯೋ ಅಥವಾ ಹೊಲಿದು ಮುಗಿದ ಬ್ಲೌಸಿನ ಸುತ್ತಳತೆಯೋ? ಇದು ಕೂದಲು ಸೀಳುವ ಪ್ರಶ್ನೆಯಲ್ಲ. ಒಬ್ಬ ಮಾರಾಟಗಾರ್ತಿ ಮೈಯ ಅಳತೆಯನ್ನು ಬರೆಯುತ್ತಾಳೆ, ಇನ್ನೊಬ್ಬಳು ಬಟ್ಟೆಯ ಅಳತೆಯನ್ನು. ಸೀರೆಯ ಬ್ಲೌಸು ಮೈಗೆ ಅಂಟಿದಂತೆ ಕೂರುವ ಉಡುಪು, ಉಸಿರಾಡಲು ಒಂದು ಇಂಚಿನಷ್ಟು ಸಡಿಲ ಬಿಟ್ಟು ಹೊಲಿಯುತ್ತಾರೆ. ಹಾಗಾಗಿ 36 ಮೈಯವಳಿಗೆ ಹೊಲಿದ ಬ್ಲೌಸು ಹುಕ್ ಹಾಕಿ ಅಳೆದರೆ 37 ಇರುತ್ತದೆ. ಇದನ್ನು ‘37’ ಎಂದು ಒಬ್ಬಳು, ‘36’ ಎಂದು ಇನ್ನೊಬ್ಬಳು ಬರೆದರೆ ಇಬ್ಬರೂ ಹೇಳಿದ್ದು ನಿಜವೇ, ಆದರೂ ಕೊಳ್ಳುವವಳು ಮೋಸಹೋಗುತ್ತಾಳೆ. ಕುರ್ತಾದಂಥ ಸಡಿಲ ಉಡುಪಿನಲ್ಲಿ ಒಂದು ಇಂಚಿನ ತಪ್ಪು ಯಾರಿಗೂ ಗೊತ್ತಾಗುವುದಿಲ್ಲ. ಹಿಗ್ಗದ ಖಣದ ಬ್ಲೌಸಿನಲ್ಲಿ ಹುಕ್ಕೇ ಬೀಳುವುದಿಲ್ಲ.

ಆದ್ದರಿಂದ ಎರಡನ್ನೂ ಬರೆಯಬೇಕು, ಯಾವುದು ಯಾವುದೆಂದು ಹೇಳಿ ಬರೆಯಬೇಕು. ಬ್ಲೌಸಿನ ಎಲ್ಲ ಹುಕ್ ಹಾಕಿ ಮೇಜಿನ ಮೇಲೆ ಎಳೆಯದೆ ಹರಡಿ. ಒಂದು ಕಂಕುಳಿನ ಹೊಲಿಗೆಯಿಂದ ಇನ್ನೊಂದರವರೆಗೆ ಅಳೆಯಿರಿ. ಹದಿನೆಂಟೂವರೆ ಇಂಚು ಬಂತೇ? ಎರಡು ಪಟ್ಟು ಮಾಡಿದರೆ 37. ಹೀಗೆ ಹರಡಿ ಅಳೆದ ಅಳತೆಯನ್ನು ಕೊಡುವುದರಿಂದ ಇನ್ನೊಂದು ಅನುಕೂಲವಿದೆ. ಕೊಳ್ಳುವವಳು ತನ್ನ ಮೈಯನ್ನು ಅಳೆದುಕೊಳ್ಳಬೇಕಿಲ್ಲ. ಒಬ್ಬಳೇ ಇರುವಾಗ ಬೆನ್ನ ಹಿಂದೆ ಟೇಪು ಸರಿಯಾಗಿ ಕೂರುವುದು ಕಷ್ಟ, ಒಂದೂವರೆ ಇಂಚು ಹೆಚ್ಚುಕಡಿಮೆ ಆಗಿಬಿಡುತ್ತದೆ. “ನಿಮಗೆ ಸರಿಯಾಗಿ ಕೂರುವ ಒಂದು ಹಳೆಯ ಬ್ಲೌಸನ್ನು ಹುಕ್ ಹಾಕಿ ಹಾಸಿಗೆಯ ಮೇಲೆ ಹರಡಿ, ಕಂಕುಳಿಂದ ಕಂಕುಳಿಗೆ ಅಳೆಯಿರಿ, ಹದಿನೆಂಟೂವರೆ ಇಂಚು ಬಂದರೆ ಇದು ನಿಮಗೆ ಆಗುತ್ತದೆ” ಎಂಬ ಒಂದು ವಾಕ್ಯ ಇಡೀ ಸೈಜ್ ಚಾರ್ಟಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ನಮ್ಮ ಟೈಲರುಗಳೂ ಮಾಡುವುದು ಇದನ್ನೇ. ಅಳತೆಗೆ ಒಂದು ಹಳೆಯ ಬ್ಲೌಸು ಕೊಡಿ ಅನ್ನುತ್ತಾರೆ.

ಇಂಚು ನಮ್ಮ ಬಾಯಿಗೆ ಬಂದ ಲೆಕ್ಕ. ಪ್ಯಾಕೆಟ್ ಮಾಡಿ ಮಾರುವ ಸರಕಿಗೆ ಕಾನೂನು ಕೇಳುವುದು ಸೆಂಟಿಮೀಟರು, ಮೀಟರುಗಳ ಅಳತೆಯನ್ನು. ಎರಡನ್ನೂ ಬರೆದುಬಿಟ್ಟರೆ ಆಯಿತು: ಎದೆ 94 ಸೆಂಟಿಮೀಟರು, ಅಂದರೆ 37 ಇಂಚು.

ಇನ್ನು ‘38ರವರೆಗೂ ಆಗುತ್ತದೆ’ ಅನ್ನುವ ಮಾತಿಗೆ ಬರೋಣ. ಈ ಮಾತಿನ ಹಿಂದೆ ಇರುವುದು ಪಕ್ಕದ ಹೊಲಿಗೆಯ ಒಳಗೆ ಮಡಿಸಿಟ್ಟ ಬಟ್ಟೆ, ಟೈಲರುಗಳ ಮಾತಿನಲ್ಲಿ ಮಾರ್ಜಿನ್. ಎರಡೂ ಪಕ್ಕದಲ್ಲಿ, ಮುಂಭಾಗ ಹಿಂಭಾಗ ಎರಡಕ್ಕೂ ಒಂದೂಕಾಲು ಇಂಚು ಮಾರ್ಜಿನ್ ಇದ್ದರೆ, ಹೊಲಿಗೆ ನಿಲ್ಲಲು ಕಾಲು ಇಂಚು ಉಳಿಸಿಕೊಂಡು ಉಳಿದ ಒಂದು ಇಂಚನ್ನು ಬಿಡಬಹುದು. ನಾಲ್ಕು ಅಂಚಿನಿಂದ ತಲಾ ಒಂದು ಇಂಚು, ಲೆಕ್ಕದ ಪ್ರಕಾರ ಒಟ್ಟು ನಾಲ್ಕು ಇಂಚು ಸಿಕ್ಕಿತು. ಆದರೆ ಕಾಗದದ ಮೇಲಿನ ಈ ನಾಲ್ಕು ಇಂಚು ಮೈಮೇಲೆ ಸಿಗುವುದಿಲ್ಲ. ಪಕ್ಕ ಬಿಚ್ಚಿದರೆ ಸುತ್ತಳತೆ ಮಾತ್ರ ಹೆಚ್ಚುತ್ತದೆ, ಎದೆಯ ಡಾರ್ಟು ಇದ್ದಲ್ಲೇ ಇರುತ್ತದೆ, ಭುಜದ ಅಗಲ ಬದಲಾಗುವುದಿಲ್ಲ, ಕಂಕುಳಿನ ಕೊರೆತ ಅಷ್ಟೇ ಇರುತ್ತದೆ. 36ಕ್ಕೆ ಕತ್ತರಿಸಿದ ಬ್ಲೌಸನ್ನು 40 ಮೈಯವರು ಹಾಕಿಕೊಂಡರೆ ಹುಕ್ ಬಿದ್ದೀತು, ಆದರೆ ಕಪ್ಪು ಜಾಗ ತಪ್ಪಿ ಕೂರುತ್ತದೆ, ಕಂಕುಳು ಕೊರೆಯುತ್ತದೆ. ನೆಮ್ಮದಿಯಾಗಿ ಕೂರುವುದು ಎರಡು ಇಂಚು ಹೆಚ್ಚಿಸುವವರೆಗೆ. ಇದನ್ನು ಹೀಗೆಯೇ ಬರೆಯಬೇಕು: “36ಕ್ಕೆ ಹೊಲಿದದ್ದು. ಪಕ್ಕದ ಹೊಲಿಗೆ ಬಿಚ್ಚಿದರೆ 38ಕ್ಕೆ ಆಗುತ್ತದೆ, ಬಿಚ್ಚುವ ಕೆಲಸ ನೀವು ಟೈಲರ್ ಹತ್ತಿರ ಮಾಡಿಸಬೇಕು. 40ಕ್ಕೆ ಬೇಡ.”

ಇಲ್ಲಿ ಬಹಳ ಸಲ ಕಣ್ತಪ್ಪಿ ಹೋಗುವುದೊಂದಿದೆ, ಅದು ಒಳಗಿನ ಅಸ್ತರ್, ಅಂದರೆ ಲೈನಿಂಗ್. ಮೇಲಿನ ಖಣಕ್ಕೆ ಒಂದೂಕಾಲು ಇಂಚು ಬಿಟ್ಟು, ಅಸ್ತರಿಗೆ ಅರ್ಧ ಇಂಚು ಮಾತ್ರ ಬಿಟ್ಟಿದ್ದರೆ ಬ್ಲೌಸು ಬಿಚ್ಚಲು ಸಿಗುವುದು ಅರ್ಧ ಇಂಚಿನ ಲೆಕ್ಕವೇ. ಬರೆಯುವ ಮೊದಲು ಬ್ಲೌಸನ್ನು ಒಳಮಗ್ಗುಲು ತಿರುಗಿಸಿ, ಅಸ್ತರಿನ ಮಾರ್ಜಿನನ್ನೂ ಟೇಪಿನಲ್ಲಿ ನೋಡಬೇಕು. ಸಾಧ್ಯವಾದರೆ ಆ ಮಾರ್ಜಿನ್ ಕಾಣುವಂತೆ, ಟೇಪು ಪಕ್ಕದಲ್ಲಿಟ್ಟ ಒಂದು ಫೋಟೊ ಹಾಕಬೇಕು. ಮಾಡೆಲ್ ಹಾಕಿಕೊಂಡ ನಾಲ್ಕು ಫೋಟೊಗಳಲ್ಲಿ ಒಂದನ್ನು ತೆಗೆದು ಇದನ್ನು ಹಾಕಿದರೂ ನಷ್ಟವಿಲ್ಲ ಎಂದು ನನ್ನ ಅಭಿಪ್ರಾಯ.

ಎದೆಯಷ್ಟೇ ಮುಖ್ಯವಾದದ್ದು, ಆದರೆ ಹೆಚ್ಚಿನ ವಿವರಗಳಲ್ಲಿ ಕಾಣಿಸದೇ ಇರುವುದು ತೋಳಿನ ಸುತ್ತಳತೆ. ತೋಳಿನ ಉದ್ದ ಬರೆಯುತ್ತಾರೆ, ಸುತ್ತಳತೆ ಬರೆಯುವುದಿಲ್ಲ. ಒಂದೇ ಎದೆಯಳತೆಯ ಇಬ್ಬರ ತೋಳು ಎರಡು ಇಂಚು ಬೇರೆಯಾಗಿರಬಹುದು. ವಾಪಸ್ ಬಂದ ಪೊಟ್ಟಣದ ಮೇಲೆ ‘ಸೈಜ್ ಸರಿಯಿಲ್ಲ’ ಎಂದಷ್ಟೇ ಬರೆದಿದ್ದರೆ ಫೋನ್ ಮಾಡಿ “ಎಲ್ಲಿ ಬಿಗಿ ಆಯ್ತು ರೀ?” ಎಂದು ಕೇಳಿ ನೋಡಬೇಕು. ‘ತೋಳಲ್ಲಿ’ ಎಂಬ ಉತ್ತರ ಬಂದರೆ ಎದೆಯ ಅಳತೆಯನ್ನು ಎಷ್ಟು ಚೆನ್ನಾಗಿ ಬರೆದರೂ ಆ ವಾಪಸಾತಿ ನಿಲ್ಲುತ್ತಿರಲಿಲ್ಲ. ತೋಳಿನ ಅಂಚಿನಲ್ಲಿ ಸುತ್ತಳತೆ ಹನ್ನೆರಡೂವರೆ ಇಂಚು, ಬಿಚ್ಚಿದರೆ ಹದಿಮೂರೂವರೆ, ಅದಕ್ಕಿಂತ ಹೆಚ್ಚು ಬೇಕಾದವರಿಗೆ ಇದು ಹೊಂದುವುದಿಲ್ಲ. ಹೀಗೆ ಬರೆದರೆ ಕೆಲವರು ಕೊಳ್ಳದೆ ಮುಂದೆ ಹೋಗುತ್ತಾರೆ. ಹೋಗಲಿ. ಅವರು ಕೊಂಡಿದ್ದರೆ ಆ ಬ್ಲೌಸು ಮರಳಿ ಬರುತ್ತಿತ್ತು.

ಇನ್ನು ಬಟ್ಟೆ. ಖಣದ ವಿಷಯದಲ್ಲಿ ಅತಿ ಹೆಚ್ಚು ಗೊಂದಲ ಮಾಡುವ ಮಾತು ‘ಸಿಲ್ಕ್’. ಹಳೆಯ ಪದ್ಧತಿಯ ಖಣದಲ್ಲಿ ಹಾಸಿನ ಎಳೆ ರೇಷ್ಮೆಯದು, ಹೊಕ್ಕಿನ ಎಳೆ ಹತ್ತಿಯದು. ಈಗ ಪೇಟೆಯಲ್ಲಿ ಅದೇ ಹೆಸರಿನಲ್ಲಿ ಆರ್ಟ್ ಸಿಲ್ಕಿನದೂ ಪಾಲಿಯೆಸ್ಟರಿನದೂ ಸಿಗುತ್ತದೆ, ಕೈಮಗ್ಗದ್ದೂ ವಿದ್ಯುತ್ ಮಗ್ಗದ್ದೂ ಸಿಗುತ್ತದೆ. ಆರ್ಟ್ ಸಿಲ್ಕ್ ಅಂದರೆ ಕೃತಕ ರೇಷ್ಮೆ, ಅದರಲ್ಲಿ ಹುಳುವಿನ ರೇಷ್ಮೆ ಇಲ್ಲ. ‘ಸೆಮಿ ಸಿಲ್ಕ್’, ‘ಸಿಲ್ಕ್ ಬ್ಲೆಂಡ್’, ‘ಸಿಲ್ಕಿ ಫಿನಿಶ್’ ಎಂಬ ಮಾತುಗಳು ಏನನ್ನೂ ಹೇಳುವುದಿಲ್ಲ. ಓದುವವಳು ಮಾತ್ರ ‘ಸಿಲ್ಕ್’ ಎಂಬ ಒಂದು ಮಾತನ್ನೇ ಹಿಡಿದುಕೊಳ್ಳುತ್ತಾಳೆ. ಇದಕ್ಕೆ ಒಂದು ಸುಲಭದ ದಾರಿ, ಹಾಸು ಯಾವುದು, ಹೊಕ್ಕು ಯಾವುದು ಎಂದು ಬೇರೆಬೇರೆಯಾಗಿ ಬರೆದುಬಿಡುವುದು. “ಹಾಸು ಆರ್ಟ್ ಸಿಲ್ಕ್ (ಕೃತಕ ನೂಲು), ಹೊಕ್ಕು ಹತ್ತಿ. ಇದು ಶುದ್ಧ ರೇಷ್ಮೆಯಲ್ಲ.” ಕೊನೆಯ ಮಾತನ್ನು ಬರೆಯಲು ಹಲವರಿಗೆ ಕೈ ಬರುವುದಿಲ್ಲ. ಆದರೆ 900 ರೂಪಾಯಿಗೆ ಶುದ್ಧ ರೇಷ್ಮೆಯ ಹೊಲಿದ ಬ್ಲೌಸು ಹೇಗೆ ಸಿಗುತ್ತದೆ ಎಂಬ ಅನುಮಾನ ಕೊಳ್ಳುವವಳ ಮನಸ್ಸಿನಲ್ಲಿ ಮೊದಲೇ ಇರುತ್ತದೆ. ಆ ಮಾತು ಅವಳ ಅನುಮಾನಕ್ಕೆ ನೇರ ಉತ್ತರ, ಬೆಲೆಗೆ ಸಮರ್ಥನೆ ಕೂಡ.

ಮಾರುವವರಿಗೇ ಬಟ್ಟೆ ಯಾವುದೆಂದು ಗೊತ್ತಿಲ್ಲದಿದ್ದರೆ? ಹೋಲ್‌ಸೇಲ್ ಅಂಗಡಿಯವರು ‘ಪ್ಯೂರ್’ ಎಂದು ಕೊಟ್ಟದ್ದನ್ನು ಹಾಗೆಯೇ ಬರೆಯುವುದು ಅಪಾಯ. ಬಟ್ಟೆಯ ತುದಿಯಿಂದ ಉದ್ದಕ್ಕೆ ಹೋಗುವ ಒಂದು ಎಳೆ, ಅಡ್ಡಕ್ಕೆ ಹೋಗುವ ಒಂದು ಎಳೆ ಬೇರೆಬೇರೆ ತೆಗೆದು, ಇಕ್ಕಳದಲ್ಲಿ ಹಿಡಿದು ಬೆಂಕಿಗೆ ತೋರಿಸಿ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಉಳಿದ ಕರಿ ಬೆರಳಲ್ಲಿ ಹೊಸಕಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರು ಕರಗಿ, ತಣ್ಣಗಾದ ಮೇಲೆ ಹೊಸಕಲಾಗದ ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಈ ಪರೀಕ್ಷೆಗೆ ಒಂದು ಮಿತಿಯಿದೆ. ಆರ್ಟ್ ಸಿಲ್ಕ್ ಎಂದು ಮಾರುವ ರೇಯಾನ್ ನೂಲು ಮರದ ತಿರುಳಿನಿಂದ ಆದದ್ದು, ಅದೂ ಹತ್ತಿಯಂತೆಯೇ ಉರಿಯುತ್ತದೆ. ಹಾಗಾಗಿ ‘ಇದು ರೇಷ್ಮೆ ಅಲ್ಲ’ ಎಂದು ಇದರಿಂದ ಖಚಿತವಾಗಿ ಹೇಳಬಹುದು, ‘ಇದು ಹತ್ತಿಯೇ’ ಎಂದು ಹೇಳಲಾಗದು. ಶುದ್ಧ ರೇಷ್ಮೆ ಎಂದೇ ಬರೆಯಬೇಕೆಂದಿದ್ದರೆ ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್ ಲೇಬಲ್ ಇರುವ ಬಟ್ಟೆಯನ್ನೇ ಕೊಳ್ಳುವುದು ಸರಿಯಾದ ದಾರಿ. ‘ಕೈಮಗ್ಗ’ ಎಂಬ ಮಾತೂ ಅಷ್ಟೇ. ಯಾರ ಮಗ್ಗದಿಂದ ಬಂತು ಎಂದು ಹೇಳಲು ಬಾರದಿದ್ದರೆ ಆ ಮಾತನ್ನು ಬರೆಯಬಾರದು. ಕೈಮಗ್ಗದ ನೇಕಾರರ ಹೊಟ್ಟೆಪಾಡು ಆ ಒಂದು ಮಾತಿನ ಮೇಲೆ ನಿಂತಿದೆ. ಸುಳ್ಳಾಗಿ ಬಳಸಿದಷ್ಟೂ ಅದರ ಬೆಲೆ ಇಳಿಯುತ್ತದೆ.

ಬಟ್ಟೆಯ ಬಗ್ಗೆ ಕೇಳುವವರೆಲ್ಲರಿಗೂ ನೂಲಿನ ಹೆಸರೇ ಬೇಕೆಂದಿಲ್ಲ. ‘ಬಟ್ಟೆ ಯಾವುದು’ ಎಂದು ಕೇಳುವವಳ ಮನಸ್ಸಿನಲ್ಲಿ ಇರುವುದು ಚುಚ್ಚುತ್ತದೆಯೇ, ಸೆಕೆಯಾಗುತ್ತದೆಯೇ, ಒಗೆದರೆ ಬಣ್ಣ ಬಿಡುತ್ತದೆಯೇ, ಕುಗ್ಗುತ್ತದೆಯೇ ಎಂಬ ಪ್ರಶ್ನೆಗಳು. ಮೈಗೆ ತಾಗುವುದು ಅಸ್ತರ್, ಅದು ಹತ್ತಿಯದಾಗಿದ್ದರೆ ಹಾಗೆಂದು ಬರೆದರೆ ಮೊದಲ ಎರಡಕ್ಕೆ ಉತ್ತರವಾಯಿತು. ಬಣ್ಣಕ್ಕೆ ಒಂದು ಬಿಳಿ ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಖಣದ ಮೇಲೆ ಹತ್ತು ಹದಿನೈದು ಸಲ ಉಜ್ಜಿ ನೋಡಬಹುದು. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ “ಮೊದಲ ಎರಡು ಮೂರು ಒಗೆತದಲ್ಲಿ ಬಣ್ಣ ಬಿಡುತ್ತದೆ, ಬೇರೆಯಾಗಿ ತಣ್ಣೀರಲ್ಲಿ ಒಗೆಯಿರಿ, ತಿಳಿಬಣ್ಣದ ಸೀರೆಯ ಜೊತೆ ಬೆವರಿಗೆ ಬಣ್ಣ ಹತ್ತಬಹುದು” ಎಂದು ಬರೆಯಬೇಕು.

ಕುಗ್ಗುವ ವಿಷಯಕ್ಕೆ ಸ್ವಲ್ಪ ಹೆಚ್ಚು ಗಮನ ಕೊಡಬೇಕು, ಏಕೆಂದರೆ ಇಲ್ಲಿ ಬಟ್ಟೆಯ ಮಾತು ಅಳತೆಯ ಮಾತಿಗೆ ಬಂದು ಕೂಡಿಕೊಳ್ಳುತ್ತದೆ. ಅಸ್ತರಿನ ಹತ್ತಿ ಬಟ್ಟೆಯಲ್ಲಿ ಒಂದು ತುಂಡು ಕತ್ತರಿಸಿ, ಅದರ ಮೇಲೆ ಉದ್ದಕ್ಕೂ ಅಡ್ಡಕ್ಕೂ ಸರಿಯಾಗಿ 50 ಸೆಂಟಿಮೀಟರಿಗೆ ಪೆನ್ನಿನಿಂದ ಗುರುತು ಮಾಡಿ, ಒಗೆದು ಒಣಗಿಸಿ ಮತ್ತೆ ಅಳೆಯಿರಿ. ನಲವತ್ತೆಂಟೂವರೆ ಬಂತು ಎಂದುಕೊಳ್ಳಿ. ನೂರಕ್ಕೆ ಮೂರರಷ್ಟು ಕುಗ್ಗಿತು. ನೋಡಲು ಸಣ್ಣ ಅಂಕಿ. ಆದರೆ ನಮ್ಮ ಬ್ಲೌಸಿನ 94 ಸೆಂಟಿಮೀಟರು ಎದೆಸುತ್ತಿನಲ್ಲಿ ಮೂರರಷ್ಟು ಅಂದರೆ ಸುಮಾರು 2.8 ಸೆಂಟಿಮೀಟರು, ಒಂದು ಇಂಚಿಗಿಂತ ತುಸು ಹೆಚ್ಚು. ಉಸಿರಾಡಲೆಂದು ಬಿಟ್ಟ ಸಡಿಲ ಇದ್ದದ್ದೇ ಒಂದು ಇಂಚು. ಒಂದೇ ಒಗೆತದಲ್ಲಿ ಅದು ಪೂರ್ತಿ ಹೋಯಿತು. ಹೊಸದರಲ್ಲಿ ಸರಿಯಾಗಿ ಕೂತ ಬ್ಲೌಸು ಎರಡನೇ ಸಲ ಹುಕ್ ಹತ್ತಲಿಲ್ಲ ಎಂದು ದೂರು ಬಂದಾಗ ಮಾರಿದವಳು ‘ನೀವು ದಪ್ಪ ಆಗಿರಬೇಕು’ ಅಂದುಕೊಂಡರೆ ತಪ್ಪು. ಖಣ ಕುಗ್ಗದೆ ಅಸ್ತರ್ ಮಾತ್ರ ಕುಗ್ಗಿದರೆ ಮೇಲ್ಬಟ್ಟೆ ಸುಕ್ಕುಸುಕ್ಕಾಗಿ ಎದ್ದು ನಿಲ್ಲುತ್ತದೆ, ಅದರಿಂದಲೇ ಕಾರಣ ಗುರುತಿಸಬಹುದು. ಪರಿಹಾರ ಇರುವುದು ಹೊಲಿಗೆಯಲ್ಲಿ: ಅಸ್ತರನ್ನು ಕತ್ತರಿಸುವ ಮೊದಲೇ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಕೊಳ್ಳುವುದು. ಹಾಗೆ ಮಾಡಿದ್ದರೆ ವಿವರದಲ್ಲಿ ಬರೆಯಲು ಒಂದು ಒಳ್ಳೆಯ ವಾಕ್ಯ ಸಿಕ್ಕಿತು: “ಅಸ್ತರನ್ನು ನೀರಲ್ಲಿ ನೆನೆಸಿ ಒಣಗಿಸಿದ ಮೇಲೆ ಕತ್ತರಿಸಿದ್ದು.” ಮಾಡಿಲ್ಲದಿದ್ದರೆ, ಎಷ್ಟು ಕುಗ್ಗುತ್ತದೆ ಎಂದು ಬರೆಯಬೇಕು.

ಬಣ್ಣದ ಹೆಸರಿನ ಬಗ್ಗೆ ಒಂದು ಮಾತು ಸಾಕು. ಫೋನಿನಿಂದ ಫೋನಿಗೆ ಬಣ್ಣ ಬೇರೆಯಾಗಿ ಕಾಣುತ್ತದೆ ಎಂದು ಬರೆದು ಕೈತೊಳೆದುಕೊಳ್ಳುವುದಕ್ಕಿಂತ, ಬೆಳಗಿನ ಬಿಸಿಲಿನ ಬೆಳಕಲ್ಲಿ ಫೋಟೊ ತೆಗೆದು, ‘ಗಿಣಿ ಹಸಿರು’, ‘ಬದನೆಕಾಯಿ ನೇರಳೆ’, ‘ಕುಂಕುಮದ ಕೆಂಪು’ ಎಂದು ಎಲ್ಲರೂ ಕಣ್ಣಾರೆ ಕಂಡ ಬಣ್ಣದ ಹೆಸರು ಕೊಡುವುದು ಮೇಲು.

ಈಗ ವಾಪಸಾತಿ. ‘ನೋ ರಿಟರ್ನ್, ನೋ ಎಕ್ಸ್‌ಚೇಂಜ್’ ಎಂದು ದಪ್ಪಕ್ಷರದಲ್ಲಿ ಬರೆದವರಲ್ಲಿ ಹೆಚ್ಚಿನವರಿಗೆ ಆ ಮಾತು ಎಲ್ಲ ಸಂದರ್ಭಕ್ಕೂ ನಿಲ್ಲುವುದಿಲ್ಲ ಎಂದು ಗೊತ್ತಿರುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮತ್ತು ಅದರಡಿ 2020ರಲ್ಲಿ ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ, ವಸ್ತು ದೋಷದ್ದಾಗಿದ್ದರೆ, ನಕಲಿಯಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಅದಕ್ಕೆ ಇಲ್ಲದಿದ್ದರೆ ಮಾರಿದವರು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು, ಹಣ ಮರಳಿಸಲು ನಿರಾಕರಿಸುವಂತಿಲ್ಲ. ಹೇಳಿದ ದಿನಕ್ಕಿಂತ ತಡವಾಗಿ ತಲುಪಿದರೂ ಅಷ್ಟೇ, ಕೈಮೀರಿದ ಕಾರಣ ಇದ್ದಾಗ ಮಾತ್ರ ವಿನಾಯಿತಿ. ವಾಪಸಾತಿ, ಬದಲಾವಣೆ, ಹಣ ಮರಳಿಸುವಿಕೆಯ ಷರತ್ತುಗಳನ್ನು ಕೊಳ್ಳುವ ಮುಂಚೆಯೇ ಕಾಣುವಂತೆ ತಿಳಿಸಬೇಕೆಂದೂ ನಿಯಮ ಹೇಳುತ್ತದೆ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ಹಿಂದಕ್ಕೆ ಪಡೆಯಲು ಒಪ್ಪದಿರುವುದನ್ನು ಕಾಯ್ದೆ ಅನುಚಿತ ವ್ಯಾಪಾರ ಎಂದು ಕರೆಯುತ್ತದೆ. ದೂರು ಕೊಡಬೇಕೆಂದವರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಎಲ್ಲ ಬಿಟ್ಟು ‘ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ’ ಎಂಬ ಮಾತನ್ನು ನೋಡಿ. ಚಿತ್ರದ ಕೆಳಗೆ ‘ಸಿಲ್ಕ್ ಬಟ್ಟೆ, 38ರವರೆಗೂ’ ಎಂದು ಬರೆದು ಪಾಲಿಯೆಸ್ಟರು ಕಳಿಸಿದರೆ, ಬಿಚ್ಚಿದರೂ 38 ಆಗದಿದ್ದರೆ, ಆ ವಿವರವೇ ಮಾರಿದವಳ ವಿರುದ್ಧದ ಸಾಕ್ಷಿ. ಅದೇ ವಿವರದಲ್ಲಿ ಅಳತೆ, ನೂಲು ಎರಡನ್ನೂ ಇದ್ದಂತೆಯೇ ಬರೆದಿದ್ದರೆ ಅದೇ ಅವಳ ರಕ್ಷಣೆ. ‘ಬಣ್ಣ ನನಗೆ ಒಪ್ಪಲಿಲ್ಲ’, ‘ಮನಸ್ಸು ಬದಲಾಯಿತು’ ಎನ್ನುವವರಿಂದ ಹಿಂದಕ್ಕೆ ಪಡೆಯಲೇಬೇಕೆಂದು ಈ ನಿಯಮಗಳು ಹೇಳುವುದಿಲ್ಲ. ಅದು ಮಾರುವವರ ಸ್ವಂತ ನಿರ್ಧಾರ. ನನಗೆ ಕೇಳಿದರೆ, ಸೈಜ್ ಆಗದಿದ್ದರೆ ಒಂದು ಸಲ ಬದಲಾಯಿಸಿಕೊಡುವುದು ಒಳ್ಳೆಯದು, ಏಕೆಂದರೆ ಹೊಸಬರು ಮೊದಲ ಸಲ ಧೈರ್ಯ ಮಾಡುವುದೇ ಆ ಒಂದು ಮಾತಿನ ಮೇಲೆ.

ಆದರೆ ‘ಈಸಿ ರಿಟರ್ನ್’ ಎಂದು ಬರೆದರೆ ಜಗಳ ಕಾದಿದೆ. ಎಷ್ಟು ದಿನ, ಆ ದಿನಗಳ ಎಣಿಕೆ ಯಾವಾಗಿನಿಂದ, ಕೊರಿಯರ್ ಹಣ ಯಾರದು, ಬೇಕಾದ ಸೈಜ್ ಇಲ್ಲದಿದ್ದರೆ ಏನು, ಹಣ ಎಷ್ಟು ದಿನಕ್ಕೆ ಬರುತ್ತದೆ ಎಂಬ ಐದಕ್ಕೂ ಉತ್ತರ ಬೇಕು. ಬ್ಲೌಸಿಗೆ ಮಾತ್ರ ಇರುವ ಇನ್ನೊಂದು ತೊಡಕೂ ಇದೆ. ಪಕ್ಕದ ಹೊಲಿಗೆಯನ್ನು ಟೈಲರ್ ಹತ್ತಿರ ಬಿಚ್ಚಿಸಿದ ಮೇಲೆ ಅದನ್ನು ಇನ್ನೊಬ್ಬರಿಗೆ ಮಾರಲಾಗದು, ಸೂಜಿಯ ತೂತು ಖಣದ ಮೇಲೆ ಉಳಿದುಬಿಡುತ್ತದೆ. ಆದ್ದರಿಂದ ‘ಹೊಲಿಗೆ ಬಿಚ್ಚುವ ಮೊದಲು ಹಾಕಿ ನೋಡಿ’ ಎಂಬುದನ್ನು ವಿವರದಲ್ಲೂ, ಬ್ಲೌಸಿಗೆ ಕಟ್ಟಿದ ಚೀಟಿಯಲ್ಲೂ ಬರೆಯಬೇಕು. ಪೊಟ್ಟಣ ಬಿಚ್ಚುವಾಗಿನ ವಿಡಿಯೊ ಇಲ್ಲದಿದ್ದರೆ ದೂರನ್ನೇ ಕೇಳುವುದಿಲ್ಲ ಎಂಬ ಷರತ್ತು ಈಗ ಬಹಳ ಕಡೆ ಇದೆ. ಮೋಸ ಮಾಡುವ ಗಿರಾಕಿಗಳಿಂದ ಪೆಟ್ಟು ತಿಂದವರು ಅದನ್ನು ಹಾಕಿರುತ್ತಾರೆ, ಅವರ ಸಂಕಟ ನಿಜ. ಆದರೂ ಒಬ್ಬಳೇ ಇರುವ ವಯಸ್ಸಾದ ಅಮ್ಮನೊಬ್ಬಳು ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕತ್ತರಿ ಹಿಡಿದು ವಿಡಿಯೊ ಮಾಡಬೇಕೆನ್ನುವುದು ಸರಿಯಲ್ಲ. ದೋಷ ಕಾಣುವ ಎರಡು ಫೋಟೊ ಸಾಕು.

ಇಷ್ಟನ್ನೂ ಸೇರಿಸಿ ಮೊದಲಿನ ವಿವರವನ್ನು ಮತ್ತೆ ಬರೆದರೆ ಹೀಗಾಗುತ್ತದೆ:

“ಖಣದ ರೆಡಿಮೇಡ್ ಬ್ಲೌಸ್, ಗಿಣಿ ಹಸಿರು ಮೈ, ಕುಂಕುಮದ ಕೆಂಪು ಅಂಚು. 36 ಎದೆಯಳತೆಯವರಿಗೆ ಹೊಲಿದದ್ದು, ಹೊಲಿಗೆ ಬಿಚ್ಚಿದರೆ 38ಕ್ಕೆ ಆಗುತ್ತದೆ.

ಬ್ಲೌಸಿನ ಅಳತೆ: ಎದೆಸುತ್ತು 94 ಸೆಂ.ಮೀ. (37 ಇಂಚು). ಉದ್ದ 37 ಸೆಂ.ಮೀ. (ಹದಿನಾಲ್ಕೂವರೆ ಇಂಚು). ತೋಳಿನ ಉದ್ದ 25 ಸೆಂ.ಮೀ. (10 ಇಂಚು), ತೋಳಿನ ಅಂಚಿನ ಸುತ್ತಳತೆ 32 ಸೆಂ.ಮೀ. (ಹನ್ನೆರಡೂವರೆ ಇಂಚು), ಬಿಚ್ಚಿದರೆ ಹದಿಮೂರೂವರೆ ಇಂಚು. ಹುಕ್ ಮುಂದೆ. ಪ್ಯಾಡ್ ಇಲ್ಲ. ನಿಮಗೆ ಸರಿಯಾಗಿ ಕೂರುವ ಬ್ಲೌಸನ್ನು ಹುಕ್ ಹಾಕಿ ಹರಡಿ ಕಂಕುಳಿಂದ ಕಂಕುಳಿಗೆ ಅಳೆಯಿರಿ. ಹದಿನೆಂಟೂವರೆ ಇಂಚು ಬಂದರೆ ಇದು ಹಾಗೆಯೇ ಆಗುತ್ತದೆ, ಹತ್ತೊಂಬತ್ತೂವರೆ ಬಂದರೆ ಬಿಚ್ಚಿಸಬೇಕು, ಅದಕ್ಕಿಂತ ಹೆಚ್ಚಾದರೆ ದಯವಿಟ್ಟು ಮುಂದಿನ ಸೈಜ್ ತೆಗೆದುಕೊಳ್ಳಿ.

ಬಟ್ಟೆ: ಹಾಸು ಆರ್ಟ್ ಸಿಲ್ಕ್, ಹೊಕ್ಕು ಹತ್ತಿ. ಶುದ್ಧ ರೇಷ್ಮೆಯಲ್ಲ. ವಿದ್ಯುತ್ ಮಗ್ಗದ ನೇಯ್ಗೆ. ಖಣ ಹಿಗ್ಗುವುದಿಲ್ಲ. ಒಳಗೆ ಹತ್ತಿಯ ಅಸ್ತರ್, ನೆನೆಸಿ ಒಣಗಿಸಿದ ಮೇಲೆ ಕತ್ತರಿಸಿದ್ದು. ಮೊದಲ ಎರಡು ಒಗೆತದಲ್ಲಿ ಕೆಂಪು ಅಂಚು ಸ್ವಲ್ಪ ಬಣ್ಣ ಬಿಡುತ್ತದೆ, ತಣ್ಣೀರಲ್ಲಿ ಬೇರೆಯಾಗಿ ಕೈಯಲ್ಲಿ ಒಗೆದು ನೆರಳಲ್ಲಿ ಒಣಗಿಸಿ.

ಆಗದಿದ್ದರೆ: ತಲುಪಿದ 7 ದಿನದೊಳಗೆ ತಿಳಿಸಿದರೆ ಒಂದು ಸಲ ಸೈಜ್ ಬದಲಾಯಿಸಿಕೊಡುತ್ತೇವೆ. ನಮಗೆ ಕಳಿಸುವ ಕೊರಿಯರ್ ನಿಮ್ಮದು, ಮತ್ತೆ ಕಳಿಸುವುದು ನಮ್ಮದು. ಆ ಸೈಜ್ ಇಲ್ಲದಿದ್ದರೆ ಬ್ಲೌಸು ನಮ್ಮ ಕೈಸೇರಿದ 5 ದಿನದೊಳಗೆ ಬ್ಲೌಸಿನ ಪೂರ್ತಿ ಹಣ ನೀವು ಕೊಟ್ಟ ಖಾತೆಗೇ ಮರಳುತ್ತದೆ. ಹೊಲಿಗೆ ಬಿಚ್ಚಿದ ಅಥವಾ ಒಗೆದ ಬ್ಲೌಸಿಗೆ ಸೈಜ್ ಬದಲಾವಣೆ ಇಲ್ಲ, ಮೊದಲು ಹಾಕಿ ನೋಡಿ. ಹರಿದದ್ದು, ಕಲೆಯಾದದ್ದು, ಇಲ್ಲಿ ಬರೆದದ್ದಕ್ಕಿಂತ ಬೇರೆಯಾದದ್ದು ಬಂದರೆ ಎರಡೂ ಕಡೆಯ ಕೊರಿಯರ್ ನಮ್ಮದು.”

ಇದು ಉದ್ದವಾಯಿತು, ಯಾರು ಓದುತ್ತಾರೆ ಎಂದು ಕೇಳುವವರಿದ್ದಾರೆ. ಎಲ್ಲರೂ ಎಲ್ಲವನ್ನೂ ಓದಬೇಕಿಲ್ಲ. ಫೋನಿನ ಪರದೆಯಲ್ಲಿ ಮೊದಲು ಕಾಣುವುದು ಎರಡು ಮೂರು ಸಾಲು, ಉಳಿದದ್ದು ಮುಟ್ಟಿದ ಮೇಲೆ ತೆರೆಯುತ್ತದೆ. ಆ ಮೊದಲ ಸಾಲುಗಳಲ್ಲಿ ವಸ್ತು ಏನು, ಯಾರಿಗೆ ಆಗುತ್ತದೆ ಎಂಬುದು ಬಂದುಬಿಟ್ಟರೆ 42 ಅಳತೆಯವರು ಅಲ್ಲಿಂದಲೇ ಮುಂದೆ ಹೋಗುತ್ತಾರೆ. ಅನುಮಾನವಿರುವವಳು, ಅಂದರೆ ಕೊಳ್ಳಲು ಮನಸ್ಸಿರುವವಳು, ತನಗೆ ಬೇಕಾದ ಸಾಲನ್ನು ಹುಡುಕಿ ಓದುತ್ತಾಳೆ. ‘ಆಗದಿದ್ದರೆ’ ಎಂಬ ಒಂದು ಮಾತು ಸಾಲಿನ ಆರಂಭದಲ್ಲಿದ್ದರೆ ಅವಳ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ.

ದೊಡ್ಡ ಮಾರಾಟ ತಾಣಗಳಲ್ಲಿ ಇಡುವವರು ಇನ್ನೊಂದನ್ನು ನೋಡಿಕೊಳ್ಳಬೇಕು. ಅಲ್ಲಿ ವಿವರಕ್ಕಿಂತ ಮೊದಲು ಶೀರ್ಷಿಕೆ, ಬಟ್ಟೆಯ ಬಗೆ, ಸೈಜ್ ಎಂದು ಬೇರೆಬೇರೆ ಖಾನೆ ತುಂಬಿಸಬೇಕಾಗುತ್ತದೆ, ಬಟ್ಟೆಯ ಬಗೆಗೆ ಕೊಟ್ಟ ಪಟ್ಟಿಯಿಂದಲೇ ಆರಿಸಬೇಕು. ಹುಡುಕಿದಾಗ ಬೇಗ ಸಿಗಲೆಂದು ಅಲ್ಲಿ ‘ಸಿಲ್ಕ್’ ಆರಿಸಿ, ಕೆಳಗೆ ವಿವರದಲ್ಲಿ ‘ಶುದ್ಧ ರೇಷ್ಮೆಯಲ್ಲ’ ಎಂದು ಬರೆದರೆ ಪ್ರಾಮಾಣಿಕತೆ ಅರ್ಧಕ್ಕೆ ನಿಂತಂತೆ. ಕೊಳ್ಳುವವಳು ಮೇಲಿನದನ್ನು ನಂಬುತ್ತಾಳೆ, ದೂರು ಬಂದಾಗ ತಾಣದವರೂ ಆ ಖಾನೆಯನ್ನೇ ನೋಡುತ್ತಾರೆ. ಶೀರ್ಷಿಕೆ, ಖಾನೆ, ಫೋಟೊ, ವಿವರ ನಾಲ್ಕೂ ಒಂದೇ ಮಾತು ಹೇಳುತ್ತಿವೆಯೇ ಎಂದು ಪ್ರಕಟಿಸುವ ಮೊದಲು ಮನೆಯ ಬೇರೊಬ್ಬರಿಂದ ಓದಿಸುವುದು ಒಳ್ಳೆಯದು.

ಒಮ್ಮೆ ಚೆನ್ನಾಗಿ ಬರೆದ ವಿವರ ಎಷ್ಟು ದಿನ ಬಾಳುತ್ತದೆ? ಆ ಲಾಟ್ ಮುಗಿಯುವವರೆಗೆ. ಮುಂದಿನ ಸಲ ಖಣ ಬೇರೆ ಮಗ್ಗದಿಂದ ಬಂದಿರುತ್ತದೆ, ಅಸ್ತರಿನ ಥಾನು ಬೇರೆಯಾಗಿರುತ್ತದೆ, ಹೊಸ ಟೈಲರು ಮಾರ್ಜಿನನ್ನು ಒಂದೂಕಾಲು ಇಂಚಿನ ಬದಲು ಅರ್ಧ ಬಿಟ್ಟಿರುತ್ತಾಳೆ. ಹಳೆಯ ವಿವರವನ್ನೇ ಕಾಪಿ ಮಾಡಿ ಹೊಸ ಫೋಟೊದ ಕೆಳಗೆ ಹಾಕಿದರೆ, ಹಿಂದಿನ ಲಾಟಿನಲ್ಲಿ ನಿಜವಾಗಿದ್ದ ‘38ಕ್ಕೆ ಆಗುತ್ತದೆ’ ಎಂಬ ವಾಕ್ಯ ಈ ಲಾಟಿನಲ್ಲಿ ಸುಳ್ಳಾಗುತ್ತದೆ. ಹೊಸ ಲಾಟಿನಿಂದ ಒಂದು ಬ್ಲೌಸನ್ನು ತೆಗೆದು ಒಳಮಗ್ಗುಲು ತಿರುಗಿಸಿ ಮಾರ್ಜಿನ್ ಅಳೆಯುವುದು, ಎರಡು ಎಳೆ ಸುಟ್ಟು ನೋಡುವುದು, ಅಸ್ತರಿನ ತುಂಡನ್ನು ಒಗೆದು ಒಣಹಾಕುವುದು, ಇಷ್ಟು ಆಗುವವರೆಗೆ ಫೋಟೊ ಹಾಕದೆ ತಡೆದಿರಬೇಕು. ತುಂಡು ಒಣಗಲು ಹಿಡಿಯುವುದು ಒಂದು ಮಧ್ಯಾಹ್ನ.